ಅಟ್ಟದ ಕಾಯಿ, ಕೈಯ ಹಣ: ಮೂರು ಬಗೆಯ ದಿನಗಳ ಲೆಕ್ಕ

ಲಾಭದ ವ್ಯಾಪಾರ ಮಾಡುತ್ತಿರುವ ಮನೆಯಲ್ಲೇ ಕೈಯಲ್ಲಿ ಕಾಸಿಲ್ಲದೆ ಪರದಾಡುವುದನ್ನು ನೀವು ನೋಡಿರಬಹುದು. ಪುಸ್ತಕ ತೆಗೆದರೆ ಲಾಭ ಕಾಣುತ್ತದೆ. ಪೆಟ್ಟಿಗೆ ತೆಗೆದರೆ ಬರಿದು. ಕಾಯಿ ಕೊಟ್ಟವರು ಬಾಗಿಲಿಗೆ ಬಂದು ನಿಂತಿರುತ್ತಾರೆ. ಆಗ ಮನೆಯವರು, "ಲೆಕ್ಕ ಎಲ್ಲೋ ತಪ್ಪಿದೆ, ಯಾರೋ ಹಣ ಎತ್ತಿದ್ದಾರೆ" ಎಂದು ಒಬ್ಬರ ಮೇಲೊಬ್ಬರು ಅನುಮಾನ ಪಡುತ್ತಾರೆ. ಅನೇಕ ಸಲ ಹಣವನ್ನು ಯಾರೂ ಎತ್ತಿರುವುದಿಲ್ಲ. ಅದು ಅಟ್ಟದ ಮೇಲೆ ಮಲಗಿರುತ್ತದೆ, ಇಲ್ಲವೇ ಮಂಡಿಯವರ ಬಾಕಿ ಪುಸ್ತಕದಲ್ಲಿ ಕೂತಿರುತ್ತದೆ. ಹೀಗೆ ಮಲಗಿರುವ ಹಣಕ್ಕೆ ದುಡಿಯುವ ಬಂಡವಾಳ ಎಂದು ಹೆಸರು. ಅದು ಎಷ್ಟು ಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳುವ ಒಂದು ಲೆಕ್ಕವಿದೆ. ಈ ಹೊತ್ತು ಅದನ್ನು ನಮ್ಮ ಉಂಡೆ ಕೊಬ್ಬರಿಯ ಕಸುಬಿನಲ್ಲೇ ಇಟ್ಟು ನೋಡೋಣ.

ದೇವರಾಯನದುರ್ಗದ ಬೆಟ್ಟದ ಬುಡದಿಂದ ಹಿಡಿದು ಗುಬ್ಬಿ, ಕುಣಿಗಲ್ಲಿನ ತೋಟಗಳವರೆಗೆ ಉಂಡೆ ಕೊಬ್ಬರಿ ಮಾಡುವ ಕ್ರಮ ನಿಮಗೆ ನಾನು ಹೇಳಬೇಕಾದ್ದಿಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕುತ್ತೇವೆ. ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಆರಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಗಾತ್ರ ನೋಡಿ ವಿಂಗಡಿಸಿ ಮಾರುತ್ತೇವೆ. ಈ ಹತ್ತು ತಿಂಗಳು ಕಾಯಿ ಕೆಲಸ ಮಾಡುತ್ತಿರುತ್ತದೆ, ಸರಿ. ಆದರೆ ಕಾಯಿಗೆ ಹಾಕಿದ ಹಣ ಏನು ಮಾಡುತ್ತಿರುತ್ತದೆ? ಅದೂ ಕಾಯಿಯ ಜೊತೆಗೇ ಅಟ್ಟ ಹತ್ತಿರುತ್ತದೆ. ಕಾಯಿ ಇಳಿಯುವವರೆಗೆ ಹಣವೂ ಇಳಿಯುವುದಿಲ್ಲ.

ಲೆಕ್ಕಕ್ಕೆಂದು ಒಂದು ಗುಂಪನ್ನು ಕಲ್ಪಿಸಿಕೊಳ್ಳಿ. ಬೆಟ್ಟದ ಬುಡದ ಒಂದೂರಿನ ಹತ್ತು ಮನೆಯವರು ಸೇರಿ ಸುತ್ತಮುತ್ತಲ ತೋಟಗಳಿಂದ ಕಾಯಿ ಕೊಂಡು ಕೊಬ್ಬರಿ ಮಾಡುತ್ತಾರೆ ಎನ್ನೋಣ. ಬೆಲೆಗಳನ್ನು ಲೆಕ್ಕ ಸುಲಭವಾಗಲೆಂದು ದುಂಡಾಗಿ ಹಿಡಿದಿದ್ದೇನೆ. ನಿಮ್ಮೂರಿನ ಈ ವಾರದ ಬೆಲೆಯನ್ನು ಅದರ ಜಾಗದಲ್ಲಿ ನೀವೇ ಇಟ್ಟುಕೊಳ್ಳಿ.

ಗುಂಪಿನವರು ತಿಂಗಳಿಗೆ 3,000 ಕಾಯಿ ಕೊಳ್ಳುತ್ತಾರೆ, ಅಂದರೆ ದಿನಕ್ಕೆ 100. ಕಾಯಿಗೆ 20 ರೂಪಾಯಿ. ದಿನಕ್ಕೆ 2,000 ರೂಪಾಯಿ, ತಿಂಗಳಿಗೆ 60,000 ರೂಪಾಯಿ ಆಯಿತು. ಅಟ್ಟದಲ್ಲಿ ಕೆಟ್ಟದ್ದು ಕಳೆದು, 800 ಕಾಯಿಗೆ ಒಂದು ಕ್ವಿಂಟಲ್ ಕೊಬ್ಬರಿ ಬರುತ್ತದೆ ಎನ್ನೋಣ. 3,000 ಕಾಯಿಗೆ ಮೂರೂ ಮುಕ್ಕಾಲು ಕ್ವಿಂಟಲ್. ಕ್ವಿಂಟಲ್‌ಗೆ 20,000 ರೂಪಾಯಿಯಂತೆ 75,000 ರೂಪಾಯಿ. ಸುಲಿಯುವ, ಒಡೆಯುವ, ಸಾಗಿಸುವ ಕೂಲಿಯಲ್ಲಿ ಮಟ್ಟೆ ಮತ್ತು ಕರಟ ಮಾರಿದ್ದನ್ನು ಕಳೆದು ತಿಂಗಳಿಗೆ 5,000 ರೂಪಾಯಿ ಖರ್ಚು. ಹೀಗೆ 65,000 ಹಾಕಿ 75,000 ತೆಗೆದರೆ 10,000 ರೂಪಾಯಿ ಲಾಭ. ಒಂದು ಕಾಯಿಗೆ ಮೂರು ರೂಪಾಯಿ ಮೂವತ್ಮೂರು ಪೈಸೆ. ನೋಡುವುದಕ್ಕೆ ಒಳ್ಳೆಯ ಕಸುಬೇ.

ಈಗ ಒಂದೇ ಒಂದು ಕಾಯಿಯ ಹಿಂದೆ ನಡೆದುಹೋಗೋಣ.

ಮೊದಲನೇ ದಿನ ಕಾಯಿ ಗುಂಪಿನವರ ಮನೆಗೆ ಬರುತ್ತದೆ. ತೋಟದವರಿಗೆ ಹಣ ಕೊಡುವುದು 15 ದಿನ ಬಿಟ್ಟು. ಈ ಹದಿನೈದನ್ನು ಕೊಡುವ ಬಾಕಿಯ ದಿನ ಎನ್ನೋಣ. ಅಷ್ಟು ದಿನ ತೋಟದವರ ಹಣದಲ್ಲಿ ನಮ್ಮ ವ್ಯಾಪಾರ ನಡೆಯುತ್ತದೆ. ಕಾಯಿ ಅಟ್ಟದಲ್ಲಿರುವುದು 300 ದಿನ. ಇದು ದಾಸ್ತಾನಿನ ದಿನ. ಮುನ್ನೂರನೇ ದಿನ ಕೊಬ್ಬರಿಯಾಗಿ ಹೊರಗಿನ ವ್ಯಾಪಾರಿಗೆ ಹೋಗುತ್ತದೆ. ಅವರು ಹಣ ಕೊಡುವುದು 20 ದಿನ ಬಿಟ್ಟು. ಇದು ಬರುವ ಬಾಕಿಯ ದಿನ.

ಹಾಗಾದರೆ ನಮ್ಮ ಕೈಯಿಂದ ಹಣ ಹೋದದ್ದು ಯಾವತ್ತು? ಹದಿನೈದನೇ ದಿನ. ಹಣ ತಿರುಗಿ ಬಂದದ್ದು ಯಾವತ್ತು? 300ಕ್ಕೆ 20 ಕೂಡಿಸಿ, 320ನೇ ದಿನ. ನಡುವೆ 305 ದಿನ ಹಣ ನಮ್ಮ ಕೈಯಲ್ಲಿ ಇರಲಿಲ್ಲ. ಲೆಕ್ಕದ ಸೂತ್ರ ಇಷ್ಟೇ: ದಾಸ್ತಾನಿನ ದಿನಕ್ಕೆ ಬರುವ ಬಾಕಿಯ ದಿನ ಕೂಡಿಸಿ, ಕೊಡುವ ಬಾಕಿಯ ದಿನ ಕಳೆಯಿರಿ. ಉಳಿದದ್ದೇ ಹಣದ ಸುತ್ತು. ಹಣ ಮನೆ ಬಿಟ್ಟು ಮನೆ ಸೇರುವುದಕ್ಕೆ ಹಿಡಿಯುವ ದಿನಗಳು ಅವು.

ಒಂದು ಕಾಯಿಯಾದರೆ 20 ರೂಪಾಯಿ, ಯಾರಿಗೂ ಭಾರವಲ್ಲ. ಆದರೆ ನಾಳೆ ಇನ್ನು 100 ಕಾಯಿ ಬರುತ್ತದೆ, ನಾಡಿದ್ದು ಇನ್ನು 100. ಮೊದಲ ಕಾಯಿಯ ಹಣ ಬರುವವರೆಗೆ ದಿನಕ್ಕೆ 2,000 ರೂಪಾಯಿಯಂತೆ ಕೊಡುತ್ತಲೇ ಇರಬೇಕು. 305 ದಿನಕ್ಕೆ 6,10,000 ರೂಪಾಯಿ. ಕೊಬ್ಬರಿ ಹೋಗಿ ಹಣ ಬರುವ ಮುನ್ನಿನ 20 ದಿನದ ಸುಲಿಯುವ ಕೂಲಿ ಸೇರಿಸಿದರೆ ಇನ್ನು ಸುಮಾರು 3,300. ಒಟ್ಟು 6,13,000 ರೂಪಾಯಿ. ತಿಂಗಳಿಗೆ 10,000 ಲಾಭದ ಕಸುಬಿಗೆ ಆರು ಲಕ್ಷದ ಮೇಲೆ ಹಣ ಕಟ್ಟಿಹಾಕಬೇಕು. ಈ ಹಣಕ್ಕೆ ಯಂತ್ರ ಬರಲಿಲ್ಲ, ಕಟ್ಟಡ ಏಳಲಿಲ್ಲ. ಕಸುಬು ನಡೆಯುವ ತನಕ ಅದು ಅಲ್ಲೇ ಸುತ್ತುತ್ತಿರುತ್ತದೆ. ಒಂದು ಕಾಯಿ ಇಳಿದರೆ ಇನ್ನೊಂದು ಏರುತ್ತದೆ.

ಇದಕ್ಕೆ ಎದುರಾಗಿ ಹಾಲನ್ನು ನೋಡಿ. ಬೆಳಗ್ಗೆ ಕರೆದದ್ದು ಬೆಳಗ್ಗೆಯೇ ಡೇರಿಗೆ ಹೋಗುತ್ತದೆ. ದಾಸ್ತಾನಿನ ದಿನ ಸೊನ್ನೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಹಿಂಡಿ ಅಂಗಡಿಯವರು ಅಷ್ಟೇ ದಿನ ಉದ್ರಿ ಕೊಟ್ಟರೆ, ಆ ಹಿಂಡಿಯ ಮಟ್ಟಿಗೆ ಕೈಯಿಂದ ಹಾಕುವ ಹಣ ಬಹಳ ಕಡಿಮೆ. ಹಾಲಿನಲ್ಲಿ ಲೀಟರಿಗೆ ಸಿಗುವ ಲಾಭ ಚಿಕ್ಕದಾದರೂ ಮನೆ ಅದರಿಂದ ನಡೆಯುತ್ತದಲ್ಲ, ಅದರ ಗುಟ್ಟು ಇದೇ. ಹಣ ಬೇಗ ಮನೆಗೆ ಬರುತ್ತದೆ.

ಇಲ್ಲಿ ಕೆಲವರು ಕೇಳುತ್ತಾರೆ: "ನಮ್ಮ ತೋಟದ್ದೇ ಕಾಯಿ, ನಾವು ಕೊಂಡದ್ದಲ್ಲ. ನಮಗೆ ಯಾವ ಬಂಡವಾಳ?" ಒಂದು ಮಾತು ಯೋಚಿಸಿ. ಆ ಕಾಯಿಯನ್ನು ಇವತ್ತೇ ಮಾರಿದ್ದರೆ 20 ರೂಪಾಯಿ ಕೈಗೆ ಬರುತ್ತಿತ್ತು. ಅಟ್ಟಕ್ಕೆ ಹಾಕಿದಿರಿ, ಬರಲಿಲ್ಲ. ಅಂದಮೇಲೆ ಆ 20 ರೂಪಾಯಿಯನ್ನು ಹಾಕಿದವರು ನೀವೇ. ಕೊಂಡ ಕಾಯಿಗೂ ಬೆಳೆದ ಕಾಯಿಗೂ ಈ ಲೆಕ್ಕದಲ್ಲಿ ಭೇದವಿಲ್ಲ.

ಇನ್ನು ಬಡ್ಡಿಯ ವಿಚಾರ. ಹಣ ಸ್ವಂತದ್ದಾದರೆ ಮಾತು ಬೇರೆ. ಸಾಲದ್ದಾದರೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎನ್ನೋಣ. 20 ರೂಪಾಯಿ ಹತ್ತು ತಿಂಗಳು ಅಟ್ಟದ ಮೇಲಿದ್ದರೆ ಬಡ್ಡಿ 2 ರೂಪಾಯಿ. ಕಾಯಿಯ ಲಾಭ 3 ರೂಪಾಯಿ 33 ಪೈಸೆಯಲ್ಲಿ ಉಳಿದದ್ದು ಒಂದು ಕಾಲು ರೂಪಾಯಿ ಚಿಲ್ಲರೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ಬಡ್ಡಿಯೇ 4 ರೂಪಾಯಿ. ಲಾಭ ಹೋಗಿ, ಕಾಯಿಯೊಂದಕ್ಕೆ ಮೇಲೆ 67 ಪೈಸೆ ನಷ್ಟ. ಕಾಯಿ ಅದೇ, ಕೊಬ್ಬರಿ ಅದೇ, ಬೆಲೆಯೂ ಅದೇ. ದಿನ ಉದ್ದವಾದ್ದರಿಂದ ಬಡ್ಡಿ ಲಾಭವನ್ನು ತಿಂದಿತು. ಹಾಲಿನಂಥ ಹತ್ತು ದಿನದ ಸುತ್ತಿನಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಯನ್ನೂ ತಡೆದುಕೊಳ್ಳಬಹುದು. ಹತ್ತು ತಿಂಗಳ ಸುತ್ತಿನಲ್ಲಿ ಆಗುವುದಿಲ್ಲ.

ಹಾಗಾದರೆ ಈ ಮೂರು ದಿನಗಳಲ್ಲಿ ಯಾವುದನ್ನು ಹಿಡಿದರೆ ಪ್ರಯೋಜನ? ಒಂದೊಂದಾಗಿ ನೋಡೋಣ.

ಮೊದಲು ದಾಸ್ತಾನು. ಉಂಡೆ ಕೊಬ್ಬರಿಯನ್ನು ಅವಸರಪಡಿಸಲಾಗದು. ಹಣಕ್ಕೆ ಮುಗ್ಗಟ್ಟಾದಾಗ ಕೆಲವರು ಎಂಟು ತಿಂಗಳಾಗುವ ಮೊದಲೇ ಕಾಯಿ ಇಳಿಸಿಬಿಡುತ್ತಾರೆ. ತಿರುಳು ಕರಟಕ್ಕೆ ಕಚ್ಚಿಕೊಂಡಿರುತ್ತದೆ, ಒಡೆಯುವಾಗ ಉಂಡೆ ಚೂರಾಗುತ್ತದೆ. ಉಳಿದದ್ದರಲ್ಲಿ ತೇವವಿದ್ದು ಬೂಷ್ಟು ಹಿಡಿಯುತ್ತದೆ, ಬೆಲೆ ಮುರಿಯುತ್ತದೆ. ಹಾಗೆ ದಿನ ಉಳಿಸಿದ್ದು ಉಳಿತಾಯವಲ್ಲ. ಹಸಿ ಕೊಬ್ಬರಿ ಮಾರುವುದಕ್ಕೆ ಹೊರಟ ಮನೆಯನ್ನು ಕಂಡರೆ ಆ ಮನೆಯ ಹಣದ ಸುತ್ತು ಕಟ್ಟಿದೆ ಎಂದು ತಿಳಿಯಬಹುದು.

ಸರಿಯಾದ ದಾರಿ ಬೇರೆ. ಎಲ್ಲ ಕಾಯಿಯನ್ನೂ ಅಟ್ಟಕ್ಕೆ ಹಾಕಬೇಕೆಂದಿಲ್ಲ. ನಮ್ಮ ಗುಂಪಿನವರು 3,000 ಕಾಯಿಯಲ್ಲಿ 2,000 ಮಾತ್ರ ಅಟ್ಟಕ್ಕೆ ಹಾಕಿ, 1,000 ಕಾಯಿಯನ್ನು ಹತ್ತು ದಿನದೊಳಗೆ ನಗದಿಗೆ ಮಾರಿದರು ಎನ್ನೋಣ. ಹಸಿ ಕಾಯಿಯಲ್ಲಿ ಲಾಭ ಕಡಿಮೆ, ಕಾಯಿಗೆ ಒಂದೂವರೆ ರೂಪಾಯಿ. ಆದರೆ ಆ ಕಾಯಿಯ ಸುತ್ತು ನೋಡಿ: ದಾಸ್ತಾನು 10 ದಿನ, ಬರುವ ಬಾಕಿ ಸೊನ್ನೆ, ಕೊಡುವ ಬಾಕಿ 15 ದಿನ. ಹತ್ತರಲ್ಲಿ ಹದಿನೈದು ಕಳೆದರೆ ಐದು ದಿನ ನಮ್ಮ ಕಡೆಗೇ ಉಳಿಯಿತು. ತೋಟದವರಿಗೆ ಕೊಡುವ ಐದು ದಿನ ಮುಂಚೆಯೇ ನಮಗೆ ಹಣ ಬಂದಿರುತ್ತದೆ. ಹೀಗಾಗಿ ಗುಂಪಿಗೆ ಬೇಕಾದ ಒಟ್ಟು ಹಣ 6,13,000ದಿಂದ ಸುಮಾರು 4,05,000ಕ್ಕೆ ಇಳಿಯಿತು.

ಲಾಭ ಏನಾಯಿತು? ಹಣ ಸ್ವಂತದ್ದಾದರೆ ಎಲ್ಲವನ್ನೂ ಅಟ್ಟಕ್ಕೆ ಹಾಕಿದ್ದೇ ಮೇಲು: ತಿಂಗಳಿಗೆ 10,000. ಮಿಶ್ರ ಮಾಡಿದರೆ 8,200 ಹತ್ತಿರ. ನೂರಕ್ಕೆ ಒಂದು ರೂಪಾಯಿ ಬಡ್ಡಿಯ ಸಾಲವಾದರೆ, ಎಲ್ಲ ಅಟ್ಟಕ್ಕೆ ಹಾಕಿದವರಿಗೆ ಉಳಿಯುವುದು ಸುಮಾರು 3,900. ಮಿಶ್ರ ಮಾಡಿದವರಿಗೆ 4,100. ನೂರಕ್ಕೆ ಎರಡು ರೂಪಾಯಿ ಬಡ್ಡಿಯಾದರೆ, ಮೊದಲನೆಯವರಿಗೆ ತಿಂಗಳಿಗೆ 2,200 ರೂಪಾಯಿಗೂ ಹೆಚ್ಚು ನಷ್ಟ. ಎರಡನೆಯವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ "ಕೊಬ್ಬರಿ ಲಾಭವೋ ಕಾಯಿ ಲಾಭವೋ" ಎಂದು ಯಾರಾದರೂ ಕೇಳಿದರೆ, "ಹಣ ಯಾರದು ಸ್ವಾಮಿ?" ಎಂದು ತಿರುಗಿ ಕೇಳಬೇಕು. ಸ್ವಂತ ಹಣ ಎಷ್ಟಿದೆಯೋ ಅಷ್ಟು ಕಾಯಿ ಅಟ್ಟಕ್ಕೆ, ಮಿಕ್ಕದ್ದು ಬೇಗ ಕೈಬಿಡುವುದಕ್ಕೆ ಎಂಬುದು ಸಣ್ಣ ಹಿಡುವಳಿಯವರಿಗೆ ತಕ್ಕ ಕ್ರಮ. ಎಣ್ಣೆಗೆ ಹೋಗುವ ಹೋಳು ಕೊಬ್ಬರಿಯೂ ಒಂದು ನಡುದಾರಿ. ಕಾಯಿ ಒಡೆದು ಒಳ್ಳೆ ಬಿಸಿಲಿನಲ್ಲಿ ಒಣಗಿಸಿದರೆ ಒಂದು ವಾರ ಚಿಲ್ಲರೆಯಲ್ಲಿ ಮಾರಾಟಕ್ಕೆ ಬರುತ್ತದೆ.

ದಾಸ್ತಾನಿನ ದಿನದಲ್ಲಿ ಬಡ್ಡಿಯಲ್ಲದೆ ಇನ್ನೊಂದು ಅಪಾಯವಿದೆ. ಅದು ಬೆಲೆಯ ಏರಿಳಿತ. ಇವತ್ತಿನ ಬೆಲೆಗೆ ಕೊಂಡ ಕಾಯಿಯನ್ನು ನಾವು ಮಾರುವುದು ಹತ್ತು ತಿಂಗಳ ಮುಂದಿನ ಬೆಲೆಗೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿದದ್ದು ನಿಮಗೆ ನೆನಪಿರಬೇಕು. ಹಿಂದಿನ ವರ್ಷದ ಬೆಲೆಗೆ ಕಾಯಿ ಕೊಂಡು ಅಟ್ಟ ತುಂಬಿದವರು ಆಗ ಕೈ ಸುಟ್ಟುಕೊಂಡರು. 2025ರಲ್ಲಿ ಬೆಂಬಲ ಬೆಲೆ 12,100 ಆಗಿದ್ದಾಗ ಮಾರುಕಟ್ಟೆ ಅದರ ಎರಡರಷ್ಟನ್ನೂ ದಾಟಿತು. ಅಟ್ಟದಲ್ಲಿ ಹಳೆಯ ಕಾಯಿ ಇದ್ದವರಿಗೆ ಅದು ಸುಗ್ಗಿ. ಆದರೆ ಹೊಸದಾಗಿ ಅಟ್ಟ ತುಂಬುವವರಿಗೆ? ಕಾಯಿ 20ರಿಂದ 30 ರೂಪಾಯಿಗೆ ಏರಿದರೆ, ಅದೇ 30,000 ಕಾಯಿಯ ಅಟ್ಟಕ್ಕೆ 6 ಲಕ್ಷದ ಬದಲು 9 ಲಕ್ಷ ಬೇಕು. ದಿನ ಒಂದೂ ಹೆಚ್ಚಲಿಲ್ಲ, ಕಾಯಿ ಒಂದೂ ಹೆಚ್ಚಲಿಲ್ಲ, ಹಣ ಮಾತ್ರ ಮೂರು ಲಕ್ಷ ಹೆಚ್ಚು ಬೇಕಾಯಿತು. ಬೆಲೆ ಏರಿದ ವರ್ಷದಲ್ಲೇ ಹಣಕ್ಕೆ ಮುಗ್ಗಟ್ಟಾಗುವುದು ಹೀಗೆ.

ಎರಡನೆಯದು ಬರುವ ಬಾಕಿ. ದಿನಕ್ಕೆ ನಮ್ಮ ಕೊಬ್ಬರಿ 2,500 ರೂಪಾಯಿಯದು. ವ್ಯಾಪಾರಿ 20 ದಿನಕ್ಕೆ ಕೊಡಬೇಕಾದ ಹಣವನ್ನು 50 ದಿನಕ್ಕೆ ಕೊಟ್ಟರೆ, ಇನ್ನು 75,000 ರೂಪಾಯಿ ಹೊರಗೇ ಉಳಿಯಿತು. ಅಷ್ಟನ್ನು ಗುಂಪು ಎಲ್ಲಿಂದಲಾದರೂ ತರಬೇಕು. "ಕ್ವಿಂಟಲ್‌ಗೆ 100 ರೂಪಾಯಿ ಹೆಚ್ಚು ಕೊಡುತ್ತೇನೆ, ಒಂದು ತಿಂಗಳು ತಡೆಯಿರಿ" ಎಂದು ಹೇಳುವವರುಂಟು. ಲೆಕ್ಕ ಹಾಕಿ. 20,000 ರೂಪಾಯಿಗೆ ತಿಂಗಳ ಬಡ್ಡಿ, ನೂರಕ್ಕೆ ಒಂದರಂತೆ, 200 ರೂಪಾಯಿ. ನೂರು ಕೊಟ್ಟು ಇನ್ನೂರನ್ನು ತೆಗೆದುಕೊಂಡು ಹೋದಂತಾಯಿತು.

ಬಾಕಿ ವಸೂಲಿಗೆ ಕಾನೂನಿನ ಆಸರೆಯೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕ ಎಂದು ನೋಂದಾಯಿಸಿದವರಿಂದ ಸರಕು ಕೊಂಡವರು ಒಪ್ಪಿದ ಗಡುವಿನಲ್ಲಿ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಬರಹದಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ನೋಂದಣಿಯನ್ನು 2020ರ ಜುಲೈನಿಂದ ಉದ್ಯಮ್ ಎಂಬ ಹೆಸರಿನಲ್ಲಿ ಮಾಡುತ್ತಾರೆ. ಆದರೆ ಕೈಯಲ್ಲಿ ರಸೀತಿ, ಬಿಲ್ಲು, ಸರಕು ತಲುಪಿದ ತಾರೀಖು ಇಲ್ಲದಿದ್ದರೆ ಯಾವ ಕಾನೂನೂ ನೆರವಾಗಲಾರದು. ಬಾಯಿಮಾತಿನ ವ್ಯಾಪಾರದಲ್ಲಿ ದಿನ ಎಣಿಸುವವರು ಯಾರು?

ಮೂರನೆಯದು ಕೊಡುವ ಬಾಕಿ. ಇದನ್ನು 15ರಿಂದ 30 ದಿನಕ್ಕೆ ಎಳೆದರೆ 30,000 ರೂಪಾಯಿ ಉಳಿಯುತ್ತದೆ. ಕಾಗದದ ಮೇಲೆ ಸುಲಭ. ಆದರೆ ಅತ್ತ ಕಡೆ ಇರುವವರು ಯಾರು? ನಮ್ಮ ಹಾಗೆಯೇ ಮಗಳ ಫೀಸು, ಗೊಬ್ಬರದ ಬಾಬ್ತು ನೋಡಿಕೊಂಡಿರುವ ತೋಟದವರು. ನಗದು ಹಿಡಿದು ಬಂದ ವ್ಯಾಪಾರಿಗೆ ಒಂದು ರೂಪಾಯಿ ಕಡಿಮೆಗಾದರೂ ಕಾಯಿ ಕೊಟ್ಟುಬಿಡುತ್ತಾರೆ. ಆಮೇಲೆ ನಮಗೆ ಉಳಿಯುವುದು ಯಾರೂ ಕೊಳ್ಳದ ಸಣ್ಣ ಕಾಯಿ. ಆದುದರಿಂದ ಕೊಡುವ ಗಡುವು ಚಿಕ್ಕದಾದರೂ ಚಿಂತೆಯಿಲ್ಲ, ಆಡಿದ ದಿನಕ್ಕೆ ತಪ್ಪದೆ ಕೊಡಬೇಕು. ಹದಿನೈದು ಎಂದರೆ ಹದಿನೈದೇ. ಆ ನಂಬಿಕೆ ಇದ್ದರೆ ಸುಗ್ಗಿಯ ತಿಂಗಳಲ್ಲಿ ಒಮ್ಮೆ ಇಪ್ಪತ್ತು ದಿನ ಕೇಳಿದರೂ ಒಪ್ಪುತ್ತಾರೆ.

ಇನ್ನು, ನಮ್ಮ ದಿನಗಳು ನಿಜವಾಗಿ ಎಷ್ಟು ಎಂದು ಕಂಡುಹಿಡಿಯುವ ಬಗೆ. ನಾವು ಅಂದುಕೊಂಡದ್ದು ಒಂದು, ಪುಸ್ತಕ ಹೇಳುವುದು ಇನ್ನೊಂದು ಆಗಿರುತ್ತದೆ. ಪ್ರತಿ ತಿಂಗಳ ಮೊದಲನೇ ತಾರೀಖು ಮೂರು ಅಂಕಿ ಬರೆದಿಡಿ. ಅಟ್ಟದಲ್ಲಿರುವ ಕಾಯಿ ಎಷ್ಟು? ಅದನ್ನು ದಿನಕ್ಕೆ ಇಳಿಸುವ ಕಾಯಿಯಿಂದ ಭಾಗಿಸಿ. ಹೊರಗಿನವರು ನಮಗೆ ಕೊಡಬೇಕಾದ್ದು ಎಷ್ಟು? ಅದನ್ನು ದಿನದ ಮಾರಾಟದಿಂದ ಭಾಗಿಸಿ. ನಾವು ತೋಟದವರಿಗೆ ಕೊಡಬೇಕಾದ್ದು ಎಷ್ಟು? ಅದನ್ನು ದಿನದ ಖರೀದಿಯಿಂದ ಭಾಗಿಸಿ. ಬಂದ ಮೂರು ಉತ್ತರಗಳೂ ದಿನಗಳೇ.

ನಮ್ಮ ಗುಂಪಿನವರು ಹೀಗೆ ಎಣಿಸಿದಾಗ ಅಟ್ಟದಲ್ಲಿ 33,000 ಕಾಯಿ ಇತ್ತು ಎನ್ನೋಣ. ನೂರರಿಂದ ಭಾಗಿಸಿದರೆ 330 ದಿನ. ಮುನ್ನೂರು ಎಂದುಕೊಂಡಿದ್ದರು, ಮೂವತ್ತು ದಿನ ಹೆಚ್ಚಾಯಿತು. ಹಿಂದಿನ ಮೂಲೆಯಲ್ಲಿ 3,000 ಹಳೆಯ ಕಾಯಿ ಹಾಗೇ ಬಿದ್ದಿದೆ ಎಂದು ಅರ್ಥ. ಹೊಸ ಕಾಯಿಯನ್ನು ಮುಂದೆ ಸುರಿದು ಮುಂದಿನಿಂದಲೇ ಇಳಿಸಿದರೆ ಹೀಗಾಗುತ್ತದೆ. ಅಟ್ಟವನ್ನು ತಡಿಕೆ ಕಟ್ಟಿ ತಿಂಗಳವಾರು ಪಾಲು ಮಾಡಿ, ಹಾಕಿದ ತಿಂಗಳನ್ನು ಸುಣ್ಣದಲ್ಲಿ ಬರೆದರೆ ಮೊದಲು ಏರಿದ್ದು ಮೊದಲು ಇಳಿಯುತ್ತದೆ. ಬರುವ ಬಾಕಿ 75,000 ಇತ್ತು. 2,500ರಿಂದ ಭಾಗಿಸಿದರೆ 30 ದಿನ. ವ್ಯಾಪಾರಿಗಳು ಬಾಯಲ್ಲಿ ಇಪ್ಪತ್ತು ಎನ್ನುತ್ತಿದ್ದರು, ಕೊಡುತ್ತಿದ್ದದ್ದು ಮೂವತ್ತಕ್ಕೆ. ಹಳೆಯ ಕಾಯಿಯಲ್ಲಿ 60,000, ಹತ್ತು ದಿನದ ಬಾಕಿಯಲ್ಲಿ 25,000, ಒಟ್ಟು 85,000 ರೂಪಾಯಿ ಸದ್ದಿಲ್ಲದೆ ಕೈಬಿಟ್ಟಿತ್ತು. ನಷ್ಟವಾಗಿರಲಿಲ್ಲ, ಕಳುವಾಗಿರಲಿಲ್ಲ. ದಿನಗಳು ಉದ್ದವಾಗಿದ್ದವು, ಅಷ್ಟೇ. ಮನೆಮನೆಗಳ ನಡುವೆ ಅನುಮಾನ ಹುಟ್ಟುವ ಮೊದಲು ಈ ಮೂರು ಅಂಕಿಗಳನ್ನು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಈ ಲೆಕ್ಕಕ್ಕೂ ಒಂದು ಮಿತಿಯಿದೆ. ನಾವು ದಿನಕ್ಕೆ 100 ಕಾಯಿ ಎಂದು ಸಮನಾಗಿ ಹಿಡಿದೆವು. ತೋಟದಲ್ಲಿ ಹಾಗೆ ನಡೆಯುವುದಿಲ್ಲ. ಬೇಸಿಗೆಯ ಕೊಯ್ಲಿನಲ್ಲಿ ಕಾಯಿ ಹೆಚ್ಚು ಬರುತ್ತದೆ, ಮಿಕ್ಕ ತಿಂಗಳಲ್ಲಿ ಕಡಿಮೆ. ವರ್ಷದ ಸರಾಸರಿ ಆರು ಲಕ್ಷ ಎಂದು ಬಂದರೂ, ಅಟ್ಟ ತುಂಬಿದ ತಿಂಗಳಲ್ಲಿ ಎಂಟು ಬೇಕಾದೀತು. ಆದ್ದರಿಂದ ಹಣದ ಏರ್ಪಾಡನ್ನು ಸರಾಸರಿಗೆ ಮಾಡಬೇಡಿ, ಅಟ್ಟ ಹೆಚ್ಚು ತುಂಬುವ ತಿಂಗಳಿಗೆ ಮಾಡಿ.

ಬ್ಯಾಂಕಿಗೆ ಹೋಗುವವರಿಗೆ ಒಂದು ಮುಖ್ಯವಾದ ಮಾತು. ಸಣ್ಣ ಉದ್ದಿಮೆಗಳಿಗೆ ದುಡಿಯುವ ಬಂಡವಾಳದ ಸಾಲ ಕೊಡುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಪಿ. ಆರ್. ನಾಯಕ್ ಸಮಿತಿ 1992ರಲ್ಲಿ ಸೂಚಿಸಿದ ಕ್ರಮವನ್ನು ಹಿಡಿಯುತ್ತಾರೆ. ವರ್ಷದ ಮಾರಾಟದ ನೂರಕ್ಕೆ ಇಪ್ಪತ್ತೈದು ಭಾಗ ಬಂಡವಾಳ ಬೇಕು, ಅದರಲ್ಲಿ ಇಪ್ಪತ್ತು ಬ್ಯಾಂಕಿನದು, ಐದು ನಿಮ್ಮದು ಎಂಬುದು ಆ ಕ್ರಮ. ಕಾಲು ಭಾಗ ಎಂದರೆ ಏನು? ಹಣ ವರ್ಷಕ್ಕೆ ನಾಲ್ಕು ಸುತ್ತು ಹಾಕುತ್ತದೆ, ಒಂದು ಸುತ್ತಿಗೆ ಮೂರು ತಿಂಗಳು ಎಂದು ಹಿಡಿದಂತೆ. ನಮ್ಮ ಗುಂಪಿನ ವರ್ಷದ ಮಾರಾಟ 9 ಲಕ್ಷ. ಅದರ ಇಪ್ಪತ್ತು ಭಾಗ 1,80,000. ನಮಗೆ ಬೇಕಾದ್ದು 6,13,000. ಬ್ಯಾಂಕಿನವರು ಜಿಪುಣತನ ಮಾಡಿದರೆಂದಲ್ಲ; ಮೂರು ತಿಂಗಳ ಅಳತೆಗೋಲಿನಲ್ಲಿ ಹತ್ತು ತಿಂಗಳ ಅಟ್ಟವನ್ನು ಅಳೆದದ್ದರಿಂದ ಹೀಗಾಯಿತು. ಆ ಕ್ರಮ ಕನಿಷ್ಠ ಮಾತ್ರ. ಸುತ್ತು ಉದ್ದವಾಗಿರುವ ಕಸುಬಿಗೆ ಬ್ಯಾಂಕು ಹೆಚ್ಚು ಕೊಡಬಹುದು. ಆದರೆ ಸುತ್ತು ಉದ್ದವೆಂದು ತೋರಿಸಬೇಕಾದವರು ನಾವು. ತಿಂಗಳವಾರು ದಾಸ್ತಾನು ಪಟ್ಟಿ, ಬಾಕಿ ಪಟ್ಟಿ ಹಿಡಿದು ಹೋದರೆ ಮೇನೇಜರ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ.

ಕೊನೆಯದಾಗಿ ಕಸುಬು ಬೆಳೆಸುವ ವಿಚಾರ. ಎರಡು ವರ್ಷ ಚೆನ್ನಾಗಿ ನಡೆಯಿತು, ಇನ್ನು 3,000ದ ಬದಲು 6,000 ಕಾಯಿ ಕೊಳ್ಳೋಣ ಎಂದು ಗುಂಪಿನವರು ಹೊರಟರೆ, ಹೆಚ್ಚಿನ ಕಾಯಿಯ ಮೊದಲ ರೂಪಾಯಿ ಕೈಗೆ ಬರುವುದು 320ನೇ ದಿನ. ಅಲ್ಲಿಯವರೆಗೆ ಇನ್ನೊಂದು 6,13,000 ರೂಪಾಯಿ ಹೊರಗೆ ಹೋಗುತ್ತದೆ. ಹಳೆಯ ಕಸುಬಿನ ಲಾಭ, ಬಡ್ಡಿ ಇಲ್ಲವೆಂದೇ ಹಿಡಿದರೂ, ಆ ಹತ್ತು ತಿಂಗಳಿಗೆ ಒಂದು ಲಕ್ಷ. ಉಳಿದ ಐದು ಲಕ್ಷ ಎಲ್ಲಿಂದ? ಇದನ್ನು ಕೇಳಿಕೊಳ್ಳದೆ ಬೆಳೆದವರು ಆರನೇ ತಿಂಗಳಿಗೆ ಮಂಡಿಯಿಂದ ಮುಂಗಡ ತರುತ್ತಾರೆ. ಮುಂಗಡ ತಂದವರು ಕೊಬ್ಬರಿಯನ್ನು ಅದೇ ಮಂಡಿಗೆ, ಅವರು ಹೇಳಿದ ಬೆಲೆಗೆ ಹಾಕಬೇಕಾಗುತ್ತದೆ. ಅಲ್ಲಿಗೆ ಬೆಳೆದದ್ದರ ಲಾಭ ಬೇರೆಯವರ ಪಾಲಾಯಿತು. ಹೆಚ್ಚಿಸುವುದಾದರೆ ತಿಂಗಳಿಗೆ ಮುನ್ನೂರು, ನಾನೂರು ಕಾಯಿಯಂತೆ, ಕೈಯಲ್ಲಿ ಉಳಿದ ಲಾಭ ಎಷ್ಟನ್ನು ಹೊರುತ್ತದೋ ಅಷ್ಟೇ ಹೆಚ್ಚಿಸಿ. ಮುನ್ನೂರು ಕಾಯಿ ಹೆಚ್ಚಿಸಿದರೆ ಬೇಕಾಗುವುದು ಸುಮಾರು 61,000. ಅದು ಹೊರಬಹುದಾದ ಹೊರೆ.

ಈ ತಿಂಗಳ ಮೊದಲನೇ ತಾರೀಖು ಏಣಿ ಹಾಕಿ ಅಟ್ಟ ಹತ್ತಿ ಕಾಯಿ ಎಣಿಸಿ. ಬಾಕಿ ಪುಸ್ತಕ ತೆಗೆದು ಕೂಡಿ. ಮೂರು ಅಂಕಿಗಳನ್ನು ಪಂಚಾಂಗದ ಪಕ್ಕದಲ್ಲಿ ಗೋಡೆಗೆ ಬರೆದಿಡಿ. ಮುಂದಿನ ತಿಂಗಳು ಅದರ ಕೆಳಗೇ ಮತ್ತೆ ಮೂರು ಬರೆಯಿರಿ. ಯಾವ ಅಂಕಿ ಉದ್ದವಾಗುತ್ತಿದೆಯೋ ಹಣ ಅಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು, ಅಲ್ಲಿಂದ ಬಿಡಿಸಲು ತೊಡಗಿ.